ಇರು ಎಂದರೆ ಓಡುವ ನೀಲಿ

ಅಕ್ಕನ ಪಾರ್ಲರಿನ ಬಾಗಿಲ ಮೇಲೆ ಬೋರ್ಡೊಂದು ಇತ್ತು. ನಿಜವಾದ ಬೋರ್ಡು ಮಾತ್ರ ತಂಗಿಯ ತಲೆ. ಕೂದಲಿಗೆ ಬಣ್ಣ ಹಾಕುವುದರಲ್ಲಿ ಅಕ್ಕನದು ಎತ್ತಿದ ಕೈ, ತಂಗಿಯದು ತೊಳೆಯುವ ಕೈ. ಗಂಡನನ್ನು ಬಿಟ್ಟು ಬಂದವಳಿಗೆ ಅಕ್ಕ ಆಸರೆ ಕೊಟ್ಟಿದ್ದಳು, ಅದರ ಬಾಡಿಗೆಯನ್ನು ತಲೆಯಿಂದಲೇ ವಸೂಲಿ ಮಾಡುತ್ತಿದ್ದಳು. ಗುಲಾಬಿ, ನವಿಲುಬಣ್ಣ, ನೀಲಿ, ಹೊಸದೇನು ಬಂದರೂ ಮೊದಲು ತಂಗಿಗೆ. ಅಕ್ಕನ ಜಡೆ ಮಾತ್ರ ಸೊಂಟದವರೆಗೆ ಕಪ್ಪಗೆ ಬೆಚ್ಚಗಿತ್ತು.

ಪದೇ ಪದೇ ಬ್ಲೀಚ್ ಕುಡಿದ ತಂಗಿಯ ಕೂದಲು ಒದ್ದೆಯಾದರೆ ರಬ್ಬರಿನಂತೆ ಜಗ್ಗುತ್ತಿತ್ತು, ಬಾಚಿದರೆ ತುಂಡಾಗುತ್ತಿತ್ತು. "ಸಾಕು ಅಕ್ಕ, ಇನ್ನು ಕಪ್ಪು ಬೆಳೆಯೋಕೆ ಬಿಡು" ಎಂದು ಅವತ್ತು ಬೆಳಿಗ್ಗೆ ಅಂಗಲಾಚಿದ್ದಳು. "ನೋಡೋಣ" ಎಂದಿದ್ದಳು ಅಕ್ಕ.

ಮಧ್ಯಾಹ್ನ ಡ್ಯಾನ್ಸ್ ಟೀಚರ್ ಬಂದರು. ಅವರ ನೀಲಿ ಕೂದಲು ಮೂರೇ ವಾರದಲ್ಲಿ ಪಾಚಿ ಹಸಿರಾಗಿತ್ತು.

"ನೀವು ಬಿಸಿನೀರು ಹಾಕ್ಕೊಂಡಿರ್ತೀರ. ನಮ್ಮ ತಂಗೀದು ನೋಡಿ, ನಾಲ್ಕು ತಿಂಗಳಾಯ್ತು, ಹಾಗೇ ಇದೆ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಹಾಕಿದ್ದು ನಿನ್ನೆ. ತಂಗಿಗೆ ರೇಗಿಹೋಯಿತು. ತನ್ನ ತಲೆ ಸುಳ್ಳು ಹೇಳುವುದೂ ಬೇಕೇ? ನಲ್ಲಿಯ ಕೆಳಗೆ ಜುಟ್ಟು ಹಿಡಿದು, ಬಿಳಿ ಟವೆಲಿನಲ್ಲಿ ಹಿಂಡಿದಳು. ಟವೆಲು ನೀಲಿಯಾಯಿತು.

"ನಿನ್ನೆ ಹಾಕಿದ್ದು ಮೇಡಂ. ಬ್ಲೀಚ್ ಮಾಡಿದ್ರೆ ಕೂದಲ ಹೊರಸಿಪ್ಪೆ ಬಾಯಿ ಬಿಡುತ್ತೆ. ಈ ಬಣ್ಣ ಒಳಗೆ ಹೋಗಿ ಬೇರೂರಲ್ಲ, ಸುಮ್ನೆ ಅಂಟ್ಕೊಂಡಿರುತ್ತೆ. ತೊಳೆದ ಹಾಗೆಲ್ಲ ಇಳಿಯುತ್ತೆ. ಬ್ಲೀಚಾದ ಕೂದಲ ಹಳದಿ ಅಡಿಯಿಂದ ಇಣುಕಿದ್ರೆ ನೀಲಿ ಹಸಿರಾಗುತ್ತೆ. ತಣ್ಣೀರಲ್ಲಿ ತೊಳೆದ್ರೆ ನಾಲ್ಕು ದಿನ ಜಾಸ್ತಿ ಬರುತ್ತೆ, ಅಷ್ಟೇ."

ಅಕ್ಕನ ಮುಖ ಸುಟ್ಟ ಬದನೆಕಾಯಿಯಾಯಿತು. ಈಗ ಟೀಚರ್ ರೇಗುತ್ತಾರೆ, ಈ ಬಣ್ಣದ ವ್ಯಾಪಾರ ನಿಲ್ಲುತ್ತದೆ, ತನ್ನ ತಲೆ ತನಗೆ ಸಿಗುತ್ತದೆ ಎಂದುಕೊಂಡಳು ತಂಗಿ.

ಟೀಚರ್ ನಕ್ಕುಬಿಟ್ಟರು. "ಹೇಗೂ ಹೋಗೋದೇ ಅಂದ್ಮೇಲೆ ಒಂದ್ಸಲ ಗುಲಾಬಿ ನೋಡೋಣ್ವಾ? ಆದ್ರೆ ಹೇಗೆ ಕಾಣುತ್ತೋ ಏನೋ."

"ಶುಕ್ರವಾರ ಬನ್ನಿ. ಇವಳ ತಲೆ ಮೇಲೆ ನೋಡಿ ಹೇಳಿ" ಎಂದಳು ಅಕ್ಕ.

ಟೀಚರ್ ಹೋದ ಮೇಲೆ ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಟ್ಟಲಿಗೆ ಬ್ಲೀಚ್ ಪುಡಿ ಸುರಿದಳು.

"ನೀಲಿ ಪೂರ್ತಿ ತೆಗೀಬೇಕು, ಇಲ್ಲಾಂದ್ರೆ ಗುಲಾಬಿ ನೇರಳೆ ಆಗುತ್ತೆ. ಕೂತ್ಕೋ."

ಇರು ಎಂದರೆ ಓಡುವ ಬಣ್ಣ, ಹೋಗು ಎಂದರೆ ಹಟ ಹಿಡಿಯುತ್ತದೆ.

"ಅಕ್ಕ, ಕೂದಲು ತಡೆಯಲ್ಲ."

"ಯಾವುದೂ ನಿಲ್ಲಲ್ಲ ಅಂತ ಈಗ ತಾನೇ ನೀನೇ ಹೇಳಿದ್ಯಲ್ಲ."

ಹೋಗುವುದಕ್ಕೆ ಬೇರೆ ಮನೆಯಿಲ್ಲ. ತಂಗಿ ಕೂತಳು. ಅಕ್ಕ ಸಿಕ್ಕು ಬಿಡಿಸಲು ಬಾಚಣಿಗೆ ಎಳೆದಾಗ ಒಂದು ಹಿಡಿ ಕೂದಲು ಕಿತ್ತು ಅವಳ ಕೈಗೇ ಬಂತು. ಅದನ್ನು ಕಸದ ಬುಟ್ಟಿಗೆ ಹಾಕಿ ಮತ್ತೆ ಬಾಚತೊಡಗಿದಳು. ಬುಟ್ಟಿಯಲ್ಲಿ ಬಿದ್ದಿದ್ದ ಆ ಹಿಡಿಯ ನೀಲಿ ಒಂದಿಷ್ಟೂ ಮಾಸಿರಲಿಲ್ಲ.