ತಣ್ಣಗಾಗುವ ಬಿಲ್ಲೆಗಳು

ಸತ್ತಿದೆ ಎಂದು ಯಾರಾದರೂ ಹೇಳಿದರೆ ಮುನಿಲಕ್ಷ್ಮಿ ನಂಬುವುದಿಲ್ಲ. ಮನುಷ್ಯರ ವಿಷಯ ಬಿಡಿ, ಅದಕ್ಕೆ ಡಾಕ್ಟರಿದ್ದಾರೆ. ಅವಳಿಗೆ ನಂಬಿಕೆಯಿಲ್ಲದಿರುವುದು ಸ್ವಿಚ್ಚು ಆರಿಸಿದ ಯಂತ್ರಗಳ ಮೇಲೆ. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿದ್ದರೂ ಹಿತ್ತಾಳೆ ಕೊಕ್ಕೆಯ ಉದ್ದನೆಯ ಕೋಲಿನಿಂದ ಮುಟ್ಟಿಸಿ, ಸ್ವಲ್ಪ ಹೊತ್ತು ಕಾದು, ಮತ್ತೆ ಮುಟ್ಟಿಸಿ, ಆಮೇಲೆಯೇ ಕೈ ಹಾಕುತ್ತಾಳೆ. ಮಾಲೂರಿನ ಕೈಗಾರಿಕಾ ಪ್ರದೇಶದ, ಸೆನ್ಸರುಗಳಿಗೆ ಪಿಂಗಾಣಿ ಬಿಲ್ಲೆ ಮಾಡುವ ಆ ಸಣ್ಣ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೀಗೇ. ಹುಡುಗರು ಬೆನ್ನ ಹಿಂದೆ ಅವಳನ್ನು ಕೋಲಮ್ಮ ಅನ್ನುತ್ತಾರೆ. ಅದು ಅವಳಿಗೆ ಗೊತ್ತು. ಕೇಳಿಸದವಳ ಹಾಗೆ ಇರುತ್ತಾಳೆ.

ಹುತ್ತೂರಿನ ಹತ್ತಿರ ರೇಷ್ಮೆಹುಳು ಸಾಕುವ ಮನೆಯಿಂದ ಬಂದವಳು. ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೆ ಕಲಿಸಿದವರು ಅಲ್ಲಿನ ಹಳೆಯ ಕೆಲಸಗಾರ ಸುಬ್ಬರಾಯಪ್ಪನವರು. ಪಕ್ಕದ ಶೆಡ್ಡಿನಲ್ಲಿ ತಯಾರಾಗುವ, ಕರೆಂಟು ತುಂಬಿಟ್ಟುಕೊಳ್ಳುವ ಪಿಂಗಾಣಿ ಕೆಪಾಸಿಟರ್ ಒಂದನ್ನು ಮೇಜಿನ ಮೇಲೆ ಇಟ್ಟು, ಅದಕ್ಕೆ ಸಾವಿರಾರು ವೋಲ್ಟ್ ಕೊಟ್ಟು, ಕೊಕ್ಕೆ ಮುಟ್ಟಿಸಿ ಚಟ್ ಎಂದು ಖಾಲಿ ಮಾಡಿದರು. "ಏನಮ್ಮಾ, ಸತ್ತೋಯ್ತಾ?" ಅಂದರು. ಮೀಟರಿನ ಮುಳ್ಳು ಸೊನ್ನೆಯಲ್ಲಿತ್ತು. ಅವಳು ಹೂಂ ಅಂದಳು. "ಟೀ ಕುಡಿದು ಬರೋಣ ಬಾ" ಎಂದು ಕರೆದುಕೊಂಡು ಹೋದರು. ತಿರುಗಿ ಬಂದಾಗ ಯಾರೂ ಮುಟ್ಟದ, ಕರೆಂಟಿನ ತಂತಿಯೇ ಇಲ್ಲದ ಆ ಕೆಪಾಸಿಟರಿಗೆ ಸಿಕ್ಕಿಸಿದ್ದ ಮೀಟರಿನ ಮುಳ್ಳು ಸೊನ್ನೆಯನ್ನು ಬಿಟ್ಟು ಮೇಲೆದ್ದಿತ್ತು. ಒಳಗಿನ ಪಿಂಗಾಣಿ ಹೀರಿಕೊಂಡದ್ದನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಕೊಡುವುದಿಲ್ಲ, ಉಳಿದದ್ದು ನಿಧಾನಕ್ಕೆ ಹೊರಗೆ ಬರುತ್ತದೆ ಎಂದು ಅವರು ವಿವರಿಸಿದರು. ಮುನಿಲಕ್ಷ್ಮಿಗೆ ವಿವರಣೆ ಅರ್ಥವಾಯಿತು, ಆದರೆ ಕುತ್ತಿಗೆಯ ಹಿಂದೆ ಎದ್ದ ಚಳಿ ಮಾತ್ರ ಇಳಿಯಲಿಲ್ಲ.

ಅವಳದು ಧ್ರುವೀಕರಣದ ಕೋಣೆ, ಅಲ್ಲಿನವರ ಬಾಯಲ್ಲಿ ಪೋಲಿಂಗ್ ರೂಮು. ಒಲೆಯಲ್ಲಿ ಸುಟ್ಟು ಬಂದ ಬಿಲ್ಲೆಗಳ ಎರಡೂ ಮುಖಕ್ಕೆ ಬೆಳ್ಳಿ ಬಳಿದಿರುತ್ತದೆ. ಅಗಲದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು. ಆ ಹೊತ್ತಿಗೆ ಅವು ಬರೀ ಪಿಂಗಾಣಿ. ಒಳಗಿನ ಸಣ್ಣ ಸಣ್ಣ ಭಾಗಗಳು ಸಂತೆಯ ಜನರಂತೆ ಒಂದೊಂದು ಒಂದೊಂದು ಕಡೆ ಮುಖ ಮಾಡಿಕೊಂಡಿರುತ್ತವೆ. ಅರವತ್ತು ಬಿಲ್ಲೆಗಳನ್ನು ಎರಡು ಹಿತ್ತಾಳೆ ಪಟ್ಟಿಗಳ ನಡುವೆ ಸ್ಪ್ರಿಂಗಿನಲ್ಲಿ ಸಿಕ್ಕಿಸಿ, ನೂರ ಇಪ್ಪತ್ತು ಡಿಗ್ರಿ ಕಾದ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸಿ, ಐದು ಸಾವಿರ ವೋಲ್ಟ್ ಕೊಟ್ಟು ಇಪ್ಪತ್ತು ನಿಮಿಷ ಕಾಯಬೇಕು. ಆಗ ಒಳಗಿನ ಮುಖಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ, ಕರೆಂಟು ತೆಗೆದ ಮೇಲೂ ಹೆಚ್ಚಿನವು ಹಾಗೇ ನಿಲ್ಲುತ್ತವೆ. ಅಲ್ಲಿಂದಾಚೆಗೆ ಬಿಲ್ಲೆಗೆ ಜೀವ ಬಂತು. ಒತ್ತಿದರೆ ವೋಲ್ಟೇಜು ಕೊಡುತ್ತದೆ, ವೋಲ್ಟೇಜು ಕೊಟ್ಟರೆ ಅದುರುತ್ತದೆ. ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಶಬ್ದ ಕಳಿಸಿ ಕೇಳಿಸಿಕೊಳ್ಳುವ ಸೆನ್ಸರಿನ ಕಿವಿಯೂ ಬಾಯಿಯೂ ಅದೇ.

ಜೀವ ಬಂದದ್ದಕ್ಕೆ ಚೇಷ್ಟೆಯೂ ಬರುತ್ತದೆ. ಈ ಬಿಲ್ಲೆಗಳು ಬಿಸಿಯಾದರೂ ತಣ್ಣಗಾದರೂ ತಾವಾಗಿಯೇ ವೋಲ್ಟೇಜು ಹುಟ್ಟಿಸುತ್ತವೆ. ಎಣ್ಣೆಯಿಂದ ಎತ್ತಿ ಸ್ಟ್ಯಾಂಡಿನ ಮೇಲಿಟ್ಟ ಅರವತ್ತು ಬಿಲ್ಲೆಗಳು ಯಾರ ಹಂಗೂ ಇಲ್ಲದೆ, ತಣ್ಣಗಾಗುತ್ತಾ ಆಗುತ್ತಾ ಸಾವಿರ, ಒಂದೂವರೆ ಸಾವಿರ ವೋಲ್ಟಿಗೆ ಏರಿಬಿಡಬಲ್ಲವು. ಅದಕ್ಕೇ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಒಂದು ಕ್ಲಿಪ್ಪಿನ ತಂತಿ ಸಿಕ್ಕಿಸಿಡಬೇಕು. ಹುಟ್ಟಿದ್ದು ಹುಟ್ಟಿದಂತೆಯೇ ಅದರಲ್ಲಿ ಹರಿದುಹೋಗುತ್ತದೆ. ಸುಬ್ಬರಾಯಪ್ಪನವರು ಒಂದು ದಿನ ಆ ತಂತಿ ಹಾಕುವುದನ್ನು ಮರೆತರು. ಹೊಡೆತ ಜೀವ ತೆಗೆಯುವಂಥದ್ದಾಗಿರಲಿಲ್ಲ. ಆದರೆ ಬೆಚ್ಚಿಬಿದ್ದ ಮೈಗೆ ಎಲ್ಲಿ ಹೋಗಬೇಕೆಂಬ ವಿವೇಕವಿರುತ್ತದೆಯೇ? ಪಕ್ಕದಲ್ಲೇ ಎಣ್ಣೆಯ ತೊಟ್ಟಿ. ಮೊಳಕೈವರೆಗೆ ಬೆಂದ ಆ ಕೈ ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಈಗ ಹೇಳುವುದು ಕಳೆದ ಆಯುಧಪೂಜೆಯ ದಿನದ ಸಂಗತಿ.

ಅರ್ಜೆಂಟ್ ಆರ್ಡರೊಂದಿತ್ತು. ಬೆಳಿಗ್ಗೆಯೇ ಒಂದು ಸುತ್ತು ಮುಗಿಸಿ ಪೂಜೆ ಎಂದು ಮಾಲೀಕ ಕೋದಂಡರಾಮಪ್ಪನವರು ಹೇಳಿದ್ದರು. ಹನ್ನೊಂದಕ್ಕೆ ಮುನಿಲಕ್ಷ್ಮಿ ಕರೆಂಟು ಆರಿಸಿ, ಕೋಲು ಮುಟ್ಟಿಸಿ, ಬಿಲ್ಲೆಗಳನ್ನು ಎಣ್ಣೆಯಿಂದ ಎತ್ತಿ, ಸ್ಟ್ಯಾಂಡಿನ ಮೇಲಿಟ್ಟು ತಂತಿ ಸಿಕ್ಕಿಸಿದಳು. ಆಮೇಲೆ ದಿವ್ಯಳನ್ನು ಕರೆದಳು. ರಾಯಲ್ಪಾಡಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳು, ಕಾರ್ತಿಕದಲ್ಲಿ ಮದುವೆ.

"ಎಲ್ಲಾ ಒರೆಸಿ ಫಳಫಳ ಅನ್ನಿಸ್ಬೇಕು ಕಣೇ. ಒಂದು ತಂತಿನೂ ಕೊಳೆ ಇರ್ಬಾರ್ದು. ನಾನು ಸೀರೆ ಬದಲಾಯಿಸ್ಕೊಂಡು ಬರ್ತೀನಿ."

"ಸರೇ ಅಕ್ಕಾ, ನೀವು ಹೋಗಿ" ಅಂದಳು ದಿವ್ಯ.

ಹೇಳಿದ್ದನ್ನು ಅಕ್ಷರಶಃ ಮಾಡುವ ಹುಡುಗಿ. ಎಣ್ಣೆ ಮೆತ್ತಿ ಕಪ್ಪಾಗಿದ್ದ ಕ್ಲಿಪ್ಪಿನ ತಂತಿಯನ್ನು ಬಿಚ್ಚಿ ತೊಳೆದಳು. ತೊಟ್ಟಿಯ ಮುಚ್ಚಳ ತೆಗೆದು ಉಜ್ಜಿ, ಒಣಗಲು ಗೋಡೆಗೆ ಆನಿಸಿದಳು. ಹಿತ್ತಾಳೆ ಕೊಕ್ಕೆಯ ಕೋಲನ್ನು ಹುಣಿಸೆಹಣ್ಣು ಹಾಕಿ ಬೆಳಗಿದಳು. ಈ ಕೋಣೆಯ ಆಯುಧ ಅಂದರೆ ಅದೇ ತಾನೆ? ಕೋಲು, ತಂತಿ ಎರಡನ್ನೂ ತೆಗೆದುಕೊಂಡು ಹೋಗಿ ಕೋಣೆಯ ಮೂಲೆಯಲ್ಲಿದ್ದ ಚಾಮುಂಡಿಯ ಪಟದ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಬೈಯುವುದಾದರೂ ಯಾರನ್ನು ಬೈಯುವುದು?

ಮುನಿಲಕ್ಷ್ಮಿ ತಿರುಗಿ ಬಂದಾಗ ಪೂಜೆಗೆಂದು ಕಾರ್ಖಾನೆಯ ಮೈನ್ ಸ್ವಿಚ್ಚು ಇಳಿಸಿದ್ದರು. ಫ್ಯಾನುಗಳ ಸದ್ದಿಲ್ಲ, ಒಲೆಯ ಗುಂಯ್‌ಗುಟ್ಟುವಿಕೆ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆ ಅಷ್ಟು ಸುಮ್ಮನಿದ್ದದ್ದನ್ನು ಅವಳು ಕೇಳಿದ್ದು ಅಪರೂಪ. ಕಿಟಕಿಯಿಂದ ಬಿಸಿಲು ಬಿದ್ದು ಎಲ್ಲವೂ ಹೊಳೆಯುತ್ತಿತ್ತು. ಆ ಮೌನದಲ್ಲಿ ಎಲ್ಲಿಂದಲೋ ಒಂದು ಸಣ್ಣ ಸದ್ದು ಬಂತು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಯಾರೋ ಉಗುರಿನಿಂದ ಒಳಗಿನಿಂದ ತಟ್ಟಿದ ಹಾಗೆ.

ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಮೀಟರಿದೆ. ಅದಕ್ಕೆ ಕರೆಂಟೇ ಬೇಡ. ಒಳಗಿನ ತಗಡುಗಳು ಒಂದನ್ನೊಂದು ಸೆಳೆಯುವ ಬಲಕ್ಕೇ ಮುಳ್ಳು ತಿರುಗುತ್ತದೆ. ಮೀಟರಿನ ತಲೆಯ ಮೇಲೆ ಒಂದು ಚೆಂಡುಹೂವಿತ್ತು. ಹೂವಿನ ಕೆಳಗೆ ಮುಳ್ಳು ಸಾವಿರದ ಇನ್ನೂರರಲ್ಲಿ ನಿಂತು, ಮುಂದಕ್ಕೆ ತೆವಳುತ್ತಿತ್ತು. ಇಡೀ ಕಟ್ಟಡದಲ್ಲಿ ಒಂದು ಬಲ್ಬು ಹತ್ತುವಷ್ಟೂ ಕರೆಂಟಿರಲಿಲ್ಲ.

ದಿವ್ಯ ನೀರು ತೊಟ್ಟಿಕ್ಕುವ ಹೂಮಾಲೆ ಹಿಡಿದು ಮೇಲಿನ ಪಟ್ಟಿಗೆ ಸುತ್ತಲು ಬಗ್ಗಿದ್ದಳು. ಅವಳ ಸೊಂಟ ತೊಟ್ಟಿಯ ಉಕ್ಕಿನ ಹೊರಕವಚಕ್ಕೆ ಒರಗಿತ್ತು. ತೊಟ್ಟಿಯಲ್ಲಿ ಎಣ್ಣೆ ಹೊಗೆಯಿಲ್ಲದೆ, ಅಲುಗದೆ, ತಿಳಿನೀರಿನಂತೆ ಕಾಣುತ್ತಿತ್ತು. ಇನ್ನೂ ನೂರು ಡಿಗ್ರಿಗೆ ಕಡಿಮೆಯಿರಲಿಲ್ಲ.

ಮುನಿಲಕ್ಷ್ಮಿ ಕೂಗಲು ಹೋಗಿ ತಡೆದುಕೊಂಡಳು. ಕೂಗಿದರೆ ಹುಡುಗಿ ಬೆಚ್ಚುತ್ತಾಳೆ, ಬೆಚ್ಚಿದರೆ ಕೈ ಪಟ್ಟಿಯ ಮೇಲೆ, ಮೈ ಎಣ್ಣೆಯ ಮೇಲೆ.

"ದಿವ್ಯಾ" ಎಂದಳು, ಮಗುವನ್ನು ಮಲಗಿಸುವ ದನಿಯಲ್ಲಿ. "ಹಂಗೇ ಇರಮ್ಮಾ. ಅಲ್ಲಾಡ್ಬೇಡ. ಮೊದ್ಲು ಕೈ ಹಿಂದಕ್ಕೆ ತಗೋ, ನಿಧಾನ."

"ಯಾಕಕ್ಕಾ? ಕರೆಂಟಿಲ್ವಲ್ಲಾ?"

"ಮೀಟ್ರು ನೋಡು."

ದಿವ್ಯ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. "ಅಯ್ಯೋ ದೇವುಡಾ" ಎಂದು ಉಸಿರಲ್ಲೇ ಅಂದಳು, ಆದರೆ ಕೈ ಹಿಂದಕ್ಕೆ ಬರಲಿಲ್ಲ. ಹೆದರಿಕೆಗೆ ಮರಗಟ್ಟಿಹೋಗಿದ್ದಳು. ಹೂಮಾಲೆಯ ತುದಿ ಪಟ್ಟಿಗೆ ತಾಗದೆ ಪಕ್ಕದಲ್ಲೇ ತೂಗುತ್ತಿತ್ತು.

ಮುನಿಲಕ್ಷ್ಮಿ ಕೋಲಿಗೆಂದು ಗೋಡೆಯ ಕಡೆ ತಿರುಗಿದಳು. ಮೊಳೆ ಖಾಲಿ. ಕೋಲು ದೇವರ ಮುಂದಿತ್ತು, ಕುಂಕುಮ ಹಚ್ಚಿಸಿಕೊಂಡು. ಅವಳು ಹೋಗಿ ಅದಕ್ಕೆ ಕೈ ಹಾಕುವಷ್ಟರಲ್ಲಿ ಆರತಿ ತಟ್ಟೆ ಹಿಡಿದು ಕೋದಂಡರಾಮಪ್ಪನವರು ಬಂದರು.

"ಏಯ್ ಮುನಿಲಕ್ಷ್ಮಿ! ಪೂಜೆಗಿಟ್ಟ ಆಯುಧ ಎತ್ತಬಾರದು ಅಂತ ಗೊತ್ತಿಲ್ವಾ? ನಾಳೆವರೆಗೂ ಮುಟ್ಟಂಗಿಲ್ಲ. ವರ್ಷವೆಲ್ಲಾ ಕೆಡುಕಾಗ್ತದೆ!"

ಮಾಲೀಕರ ಮಾತಿಗೆ ಎಂದೂ ಎದುರಾಡಿದವಳಲ್ಲ. ದೇವರ ವಿಷಯದಲ್ಲಂತೂ ಅವಳು ಅವರಿಗಿಂತ ಒಂದು ಕೈ ಮೇಲು. "ಆಗ್ಲಿ ಸಾರ್, ನನಗೇ ಆಗ್ಲಿ" ಎಂದು ಕೋಲನ್ನು ಎಳೆದುಕೊಂಡಳು. ತೆಂಗಿನಕಾಯಿ ಉರುಳಿತು, ಕುಂಕುಮದ ಬಟ್ಟಲು ಮಗುಚಿತು.

ಆ ಆತುರದಲ್ಲೂ ಕ್ರಮ ತಪ್ಪಲಿಲ್ಲ. ಮೊದಲು ಕೋಲಿಗೇ ಕಟ್ಟಿದ್ದ ತಂತಿಯ ಕ್ಲಿಪ್ಪನ್ನು, ಅರ್ಥ್ ಮಾಡಿದ್ದ ಕೆಳಗಿನ ಪಟ್ಟಿಗೆ ಕಚ್ಚಿಸಿದಳು. ಆಮೇಲೆ ಎಡಗೈಯನ್ನು ಬೆನ್ನ ಹಿಂದಿಟ್ಟು, ದಿವ್ಯಳ ಕೈಗೂ ಪಟ್ಟಿಗೂ ನಡುವಿನ ಜಾಗದಲ್ಲಿ ಕೊಕ್ಕೆಯನ್ನು ತೂರಿಸಿ ಮೇಲಿನ ಪಟ್ಟಿಗೆ ಮುಟ್ಟಿಸಿದಳು.

ಚಟೀರ್! ನೀಲಿಯ ಒಂದು ಕಿಡಿ. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ದಿವ್ಯ ಹಿಂದಕ್ಕೆ ಜಿಗಿದು ಗೋಡೆಗೆ ಬಡಿದುಕೊಂಡು ಕುಸಿದಳು. ಕೋದಂಡರಾಮಪ್ಪನವರು ಆರತಿ ತಟ್ಟೆಯನ್ನು ಕೆಳಗಿಟ್ಟರು.

"ಹೋಯ್ತಾ?" ಅಂದರು ಅವರು.

ಮುನಿಲಕ್ಷ್ಮಿ ಕೋಲನ್ನು ಪಟ್ಟಿಯಿಂದ ಎತ್ತಿ ಹಿಡಿದಳು. ಎಲ್ಲರೂ ಮುಳ್ಳನ್ನೇ ನೋಡುತ್ತಿದ್ದರು. ಅದು ಸ್ವಲ್ಪ ಹೊತ್ತು ಸೊನ್ನೆಯಲ್ಲಿ ಮಲಗಿತ್ತು. ಆಮೇಲೆ ಯಾರೋ ಎಬ್ಬಿಸಿದಂತೆ ತಲೆಯೆತ್ತಿ ಐವತ್ತು, ನೂರು, ನೂರೈವತ್ತು ಎಂದು ನಡೆಯತೊಡಗಿತು. ಹಾಡುಹಗಲಲ್ಲಿ, ದೇವರ ಪಟದ ಎದುರಿಗೇ. ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದು ಅದಕ್ಕೆ ಕೈ ಮುಗಿದರು.

"ಇನ್ನೂ ಬಿಸಿ ಆರಿಲ್ಲ ಸಾರ್" ಎಂದು ಅವಳು ಮತ್ತೆ ಕೊಕ್ಕೆ ಮುಟ್ಟಿಸಿ, ಪಟದ ಮುಂದಿದ್ದ ತಂತಿಯನ್ನು ತರಿಸಿ ಸಿಕ್ಕಿಸಿದಳು.

"ಅದನ್ನ ಬಿಚ್ಚಿದ್ಯಾರು?" ಎಂದು ಕೋದಂಡರಾಮಪ್ಪನವರು ಗುಡುಗಿದರು. ದಿವ್ಯಳ ಕಣ್ಣಲ್ಲಿ ನೀರು ತುಂಬಿ ತುಟಿ ಅಲುಗಿತು.

"ನಾನೇ ಬಿಚ್ಚಿಸಿದ್ದು ಸಾರ್. ಎಲ್ಲಾ ತೊಳಿ ಅಂದೆ. ಇದು ಯಾತಕ್ಕಿದೆ ಅಂತ ಒಂದು ದಿನಾನೂ ಹೇಳಿಕೊಡ್ಲಿಲ್ಲ. ಕೋಲು ಹಿಡ್ಕೊಂಡು ಹೆದರೋದು ನನಗೊಬ್ಳಿಗೇ ಗೊತ್ತಿದ್ರೆ ಸಾಕು ಅಂದ್ಕೊಂಡಿದ್ದೆ."

ಇದು ಸುಳ್ಳಲ್ಲ. ಇಷ್ಟು ವರ್ಷದ ತನ್ನ ಎಚ್ಚರದ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು. ಈಗ ಆ ಜಂಬದ ಮೇಲೆ ಅವಳಿಗೇ ಅಸಹ್ಯವಾಯಿತು.

ಎರಡು ದಿನದ ನಂತರ, ಒತ್ತಿದರೆ ಎಷ್ಟು ಚಾರ್ಜು ಕೊಡುತ್ತವೆ ಎಂದು ಬಿಲ್ಲೆಗಳನ್ನು ಅಳೆದಾಗ ನಾನೂರು ಬರಬೇಕಾದ ಕಡೆ ಮುನ್ನೂರು ಬಂತು. ತಣ್ಣಗಾಗುವಾಗ ಹುಟ್ಟಿದ ವೋಲ್ಟೇಜು ತಿರುಗಿದ ಮುಖಗಳಲ್ಲಿ ಕೆಲವನ್ನು ಹಿಂದಕ್ಕೆ ತಳ್ಳಿತ್ತು. ಅರವತ್ತನ್ನೂ ಮತ್ತೆ ಎಣ್ಣೆಗೆ ಹಾಕಬೇಕಾಯಿತು. ಈ ಸಲ ಕೋಲು ಹಿಡಿದವಳು ದಿವ್ಯ. ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ ಮುನಿಲಕ್ಷ್ಮಿ ಪಕ್ಕದಲ್ಲಿ ನಿಂತಿದ್ದಳು.

ಕೆಲಸ ಮುಗಿದ ಮೇಲೆ ಹುಡುಗಿ ಕೇಳಿದಳು: "ಅಕ್ಕಾ, ನಿಜ ಹೇಳಿ. ಅವತ್ತು ನನ್ನ ಕೈಗೂ ಆ ಪಟ್ಟಿಗೂ ಎಷ್ಟು ದೂರ ಇತ್ತು? ನನಗೆ ಏನೂ ಜ್ಞಾಪಕ ಇಲ್ಲ."

"ಒಂದು ಅಡಿ ಇತ್ತು ಬಿಡು" ಅಂದಳು ಮುನಿಲಕ್ಷ್ಮಿ.

ಕೊಕ್ಕೆ ತೂರಿಸುವಾಗ ಅದರ ಬೆನ್ನು ದಿವ್ಯಳ ಬೆರಳಿನ ಉಂಗುರಕ್ಕೆ ತಗುಲಿತ್ತು. ಕೊಕ್ಕೆಯ ದಪ್ಪ ಎರಡು ಬೆರಳು, ನಡುವೆ ಇದ್ದದ್ದೂ ಅಷ್ಟೇ.