ಕೆಳದನಿಯ ಷಡ್ಜ

ಮೂವತ್ತು ವರ್ಷ ಕರ್ನಾಟಕ ಸಂಗೀತ ಹಾಡಿದವಳಿಗೆ ಒಂದೇ ಸ್ವರ ಹಿಡಿದು ನಿಲ್ಲು ಎಂದರೆ ಮೂಗಿನ ತುದಿಗೇ ಕೋಪ. ಆಸ್ಟಿನ್ನಿನ ನಮ್ಮ ಪುಟ್ಟ ಗಾಯನತಂಡದಲ್ಲಿ ನಿರ್ದೇಶಕಿ ನನಗೆ ಕೊಟ್ಟದ್ದು ಅದೇ ಕೆಲಸ.

ನಾವು ಹಾಡುತ್ತಿದ್ದುದು ಆರ್ಗನಮ್. ಸಾವಿರ ವರ್ಷಕ್ಕೂ ಹಿಂದೆ, ಚರ್ಚಿನ ಒಂಟಿದನಿಯ ಪ್ರಾರ್ಥನೆಗೆ ಎರಡನೆಯ ದನಿ ಸೇರಿಸಿದ ಬಗೆ. ಕೆಳದನಿ ಮೂಲ ರಾಗಕ್ಕಿಂತ ಸ–ಮ ಅಂತರದಷ್ಟು ಕೆಳಗೆ ಜೊತೆಜೊತೆಗೇ ನಡೆಯಬೇಕು. ಮೇಲಿನವರು ಪ ಹಾಡಿದರೆ ನಾನು ರಿ, ಅವರು ಧ ಎಂದರೆ ನಾನು ಗ. ಆದರೆ ಆ ಕಾಲದ ಚರ್ಚಿನವರ ಸ್ವರಪಟ್ಟಿಯಲ್ಲಿ ಕೆಳಗಿನ ನಿಷಾದ ಕೈಶಿಕಿ, ಅಂದರೆ ಅರ್ಧ ಸ್ವರ ತಗ್ಗಿನ ನಿ. ಮೇಲೆ ಗಾಂಧಾರ ಬಂದಾಗ ಅದನ್ನು ಹಾಡಿದರೆ ಅಂತರ ಅರ್ಧ ಸ್ವರ ಹಿಗ್ಗಿ ಕರ್ಕಶವಾಗುತ್ತದೆ. ಅದಕ್ಕೇ ನಿಯಮ: ಇಬ್ಬರೂ ಸ-ದಲ್ಲಿ ಶುರು ಮಾಡಿ, ಮೇಲಿನವರು ರಿ, ಗ ದಾಟಿ ಮ ಮುಟ್ಟುವವರೆಗೆ ಕೆಳದನಿ ಸ ಬಿಟ್ಟು ಕದಲಕೂಡದು. ಕೊನೆಗೆ ಮೇಲಿನವರು ಇಳಿದು ಬಂದಾಗ ಮತ್ತೆ ಸ-ದಲ್ಲೇ ಕೂಡಬೇಕು. ಮುಂದಿನ ತಲೆಮಾರುಗಳವರು ದನಿಗಳನ್ನು ಎದುರುಬದುರು ನಡೆಸಿ ನಿಯಮ ಸಡಿಲಿಸಿದರು. ಈ ಹಾಡಿಗೆ ಆ ಸಡಿಲಿಕೆ ಇರಲಿಲ್ಲ.

ಮೇಲ್ದನಿ ಧಾರವಾಡದ ನಿವೃತ್ತ ಡಾಕ್ಟರ್ ಆಂಟಿಯದು. ಕಿವಿಗೆ ಯಂತ್ರ ಹಾಕಿಕೊಳ್ಳುತ್ತಿದ್ದರು. ನನ್ನ ಸ-ವನ್ನೇ ನಂಬಿ ಮೇಲೇರುತ್ತಿದ್ದರು, ಅದು ನನಗೆ ಗೊತ್ತಿತ್ತು.

‘ನಮ್ಮ ಶಂಕರಾಭರಣದ ಕಾಕಲಿ ನಿಷಾದ, ಅರ್ಧ ಸ್ವರ ಮೇಲಿನದು, ಹಾಕಿದರೆ ಕರ್ಕಶವೇ ಇರಲ್ಲವಲ್ಲ?’ ಎಂದು ನಾನು ರಿಹರ್ಸಲ್‌ನಲ್ಲಿ ವಾದಿಸಿದ್ದೆ. ನಿರ್ದೇಶಕಿ ನಕ್ಕು, ಆ ಸ್ವರ ಅವರ ಪಟ್ಟಿಯಲ್ಲೇ ಇಲ್ಲ ಎಂದಿದ್ದರು. ಆ ನಗು ನನಗೆ ಚುಚ್ಚಿತು.

ಹ್ಯೂಸ್ಟನ್ನಿನ ಚರ್ಚಿನಲ್ಲಿ ಕಾರ್ಯಕ್ರಮ. ಆಂಟಿ ಗಾಂಧಾರಕ್ಕೆ ಏರಿದರು. ನಾನು ಸ ಬಿಟ್ಟು ಕಾಕಲಿ ನಿಷಾದಕ್ಕೆ ಇಳಿದೆ, ಬೇಕೆಂದೇ. ಅಂತರವೇನೋ ಶುದ್ಧವಾಗಿಯೇ ಇತ್ತು. ಆದರೆ ಕಾಲ ಕೆಳಗಿನ ಮೆಟ್ಟಿಲು ಎಳೆದಂತಾಗಿ ಆಂಟಿ ತಡವರಿಸಿದರು. ಮಧ್ಯಮ ಸಿಗಲಿಲ್ಲ, ಪಂಚಮ ಜಾರಿತು, ಕೊನೆಯ ಸ-ದಲ್ಲಿಯೂ ನಾವು ಕೂಡಲಿಲ್ಲ. ತಪ್ಪಿದ್ದು ಮೇಲ್ದನಿ ಎಂದೇ ಎಲ್ಲರಿಗೂ ಕೇಳಿಸಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ನಿರ್ದೇಶಕಿ, ಮುಂದಿನ ಸಲ ಆಂಟಿ ವಿಶ್ರಾಂತಿ ತಗೊಳ್ಳಲಿ, ಮೇಲ್ದನಿ ನೀವು ಹಾಡಿ ಎಂದು ಮೆಲ್ಲನೆ ನನಗೆ ಹೇಳಿದರು. ಅಲ್ಲೇ ಬಾಯಿಬಿಡಬೇಕಿತ್ತು. ಕಿಟಕಿಯ ಕಡೆ ತಿರುಗಿದೆ.

ಇಳಿಯುವಾಗ ಆಂಟಿ ನನ್ನ ಕೈ ಹಿಡಿದರು. ‘ತಪ್ಪು ನಂದವಾ. ಕಿವಿ ಕೈಕೊಟ್ತು, ನಿನ್ನ ಷಡ್ಜ ಕೇಳಸಲೇ ಇಲ್ಲ. ನಿನ್ನ ಹಾಡೂ ಕೆಡಿಸಿದೆ.’

‘ಹಾಗೇನಿಲ್ಲ ಬಿಡಿ ಆಂಟಿ’ ಎಂದೆ. ಅಷ್ಟೇ ಎಂದೆ.

‘ಒಂದಿಷ್ಟು ನನ್ನ ಶ್ರುತಿ ತಿದ್ದತೀಯೇನ?’

ಈಗ ಪ್ರತಿ ಶನಿವಾರ ನಮ್ಮ ಮನೆಗೆ ಬರುತ್ತಾರೆ. ಸ ಹಿಡಿಯುತ್ತಾರೆ, ಒಂದು ಎಳೆಯೂ ಅಲುಗದೆ. ‘ಸರಿ ಆಯ್ತೇನವಾ?’ ಎಂದು ಕೇಳುತ್ತಾರೆ. ‘ಇನ್ನೊಮ್ಮೆ ಹಾಡಿ ಆಂಟಿ’ ಎನ್ನುತ್ತೇನೆ.