ಊದಿದ ಕೈಗೆ ಹಸಿರು ಬಳೆ

ತುಮಕೂರಿನ ಶಿರಾ ಗೇಟಿನಲ್ಲಿರುವ ಒಂದು ಸ್ಟುಡಿಯೋದಲ್ಲಿ ನಾನು ಫೋಟೋ ತಿದ್ದುವವಳು. ತೆಗೆಯುವವರು ಬೇರೆ, ಹೊಗಳಿಸಿಕೊಳ್ಳುವವರೂ ಅವರೇ. ಗಿರಾಕಿಗಳ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಮದುವೆಯಲ್ಲಿ ಮೂತಿ ತಿರುಗಿಸಿಕೊಂಡು ನಿಂತ ಭಾವ, ಇವೆಲ್ಲ ನನ್ನ ಪಾಲು. "ಅಕ್ಕಾ, ಒಂದು ಬೊಟ್ಟು ಇಟ್ಬುಡಿ, ಎಲ್ಡು ನಿಮಿಷದ ಕೆಲ್ಸ" ಎಂದು ಹೇಳದವರಿಲ್ಲ. ಎರಡು ನಿಮಿಷದಲ್ಲಿ ಇಟ್ಟ ಬೊಟ್ಟು ಹಣೆಯ ಮೇಲೆ ಅಂಟಿಸಿದ ಅಂಚೆಚೀಟಿಯ ಹಾಗೆ ಕಾಣುತ್ತದೆ ಎಂದು ಎಷ್ಟು ಜನಕ್ಕೆ ಹೇಳಲಿ?

ಹಣೆ ಎಂದರೆ ಗೋಡೆಯಲ್ಲ. ಮುಖ ಕೊಂಚ ಪಕ್ಕಕ್ಕೆ ತಿರುಗಿದ್ದರೂ ದುಂಡು ಬೊಟ್ಟು ಅಗಲ ಕಳೆದುಕೊಂಡು ಮೊಟ್ಟೆಯಾಕಾರಕ್ಕೆ ಬರಬೇಕು. ಮೆಹಂದಿಯನ್ನು ಚರ್ಮದ ಮೇಲೆ ಬಳಿದರೆ ಆಗಲಿಲ್ಲ, ಕೆಳಗಿನ ನೆರಳು, ಹೊಳಪು, ಬೆರಳ ಗೆಣ್ಣಿನ ಸುಕ್ಕು ಎಲ್ಲ ಅದರ ಮೂಲಕ ಕಾಣಬೇಕು. ಗೆಣ್ಣು ಬಂದ ಕಡೆ ಬಳ್ಳಿಯೂ ಬಾಗಬೇಕು. ಬಳೆಯಂತೂ ಎಲ್ಲಕ್ಕಿಂತ ಹಠಮಾರಿ. ಅದರ ಹಿಂದಿನ ಅರ್ಧವನ್ನು ಅಳಿಸಿ ಕೈಯ ಹಿಂದೆ ಮರೆಮಾಡಬೇಕು, ಮುಂದಿನ ಅರ್ಧ ಮಣಿಕಟ್ಟಿನ ಸುತ್ತು ಹಿಡಿಯಬೇಕು, ಬೆಳಕು ಬೀಳುವ ಕಡೆ ಮಿಂಚಿ, ಆಚೆ ಬದಿಯಲ್ಲಿ ಚರ್ಮದ ಮೇಲೆ ಸಣ್ಣ ನೆರಳು ಬಿಡಬೇಕು. ಆ ನೆರಳಿಲ್ಲದಿದ್ದರೆ ಬಳೆ ಗಾಳಿಯಲ್ಲಿ ತೇಲುತ್ತದೆ. ಹೀಗೆ ಪರರ ಕೈಗಳನ್ನು ಅವರ ಗಂಡಂದಿರಿಗಿಂತ ಹತ್ತಿರದಿಂದ ನೋಡುವುದೇ ನನ್ನ ಹೊಟ್ಟೆಪಾಡು.

ಆ ಕೆಲಸ ಬಂದದ್ದು ಕುಣಿಗಲ್ ಕಡೆಯ ಒಬ್ಬ ಸ್ಕೂಲ್ ಮೇಷ್ಟ್ರಿಂದ. ಹೆಂಡತಿಗೆ ಏಳು ತಿಂಗಳು, ಮನೆಯಲ್ಲಿ ಸೀಮಂತ ಮಾಡಿದ್ದರು. ಫೋಟೋ ಕಳಿಸಿ ಫೋನ್ ಮಾಡಿದರು. ಹುಡುಗಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಕೈ ಬರಿದು. ಸೀಮಂತದ ಫೋಟೋದಲ್ಲಿ ಬರಿಗೈ!

"ಬಳೆ ತೊಡ್ಸಿದ್ರು ಮೇಡಂ. ಎಲ್ಡು ಎಲ್ಡು ಹೆಂಗೋ ಹತ್ತಿದ್ವು, ಆಮೇಲೆ ಬಿಗಿ ಅಂತ ಅತ್ಬುಟ್ಳು. ಬಿಚ್ಚಕ್ಕೇ ಬರ್ಲಿಲ್ಲ, ಕೊನೆಗೆ..." ಎಂದು ಮೇಷ್ಟ್ರು ನಿಲ್ಲಿಸಿದರು. ಹಿಂದಿನಿಂದ ಅವರ ತಾಯಿಯ ದನಿ ಕೇಳಿಸಿತು. "ಒಡೆದ್ವು ಅಂತ ಬಾಯಲ್ಲಿ ಅನ್ಬ್ಯಾಡ ಕಣ್ಲಾ, ಹೆಚ್ಚಿದ್ವು ಅನ್ನು!"

ಫೋನ್ ಆ ತಾಯಿಯ ಕೈಗೆ ಹೋಯಿತು. "ನೋಡವ್ವಾ, ಹಸಿರು ಬಳೆ ಕೈತುಂಬಾ ಬರ್ಬೇಕು. ಬೊಟ್ಟು ಬೆವರಿಗೆ ಕರಗೋಗೈತೆ, ಅದ್ನೂ ಇಡು. ಮೆಹಂದಿ ಹಾಕ್ಸಿರ್ಲಿಲ್ಲ, ಮೊಳಕೈಗಂಟ ಹಾಕು. ನಾಳಿದ್ದು ಅವ್ಳನ್ನ ತವರಿಗೆ ಕಳಿಸ್ತೀವಿ. ಬೀಗರ ಮನೆಗೆ ಬರಿಗೈ ಫೋಟೋ ಕಳ್ಸಕ್ಕಾಯ್ತದಾ?" ತವರು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ. ಕುಣಿಗಲ್‌ನಿಂದ ತುಮಕೂರಿನ ಮೇಲೇ ಹಾದುಹೋಗಬೇಕು, ಹೋಗುವಾಗ ಫೋಟೋ ತೆಗೆದುಕೊಂಡು ಹೋಗುತ್ತೇವೆ ಎಂದರು.

ಬಳೆಗೆ ನಮೂನೆ ಬೇಕೆಂದು ಕೇಳಿದೆ. ಅವಳ ಮದುವೆಯ ಫೋಟೋ ಕಳಿಸಿದರು. ಅದರಲ್ಲೂ ಅವಳು ಕೂತಿದ್ದಳು, ಬೆಳಕು ಅದೇ ಎಡಗಡೆಯಿಂದ. ಆಹಾ, ನನ್ನ ಪುಣ್ಯ ಎಂದುಕೊಂಡೆ. ಆ ಬಳೆಗಳನ್ನೇ ಕತ್ತರಿಸಿ ತೆಗೆದು, ಎರಡೂ ಫೋಟೋಗಳಲ್ಲಿ ತಲೆಯ ಅಳತೆ ಸರಿಹೊಂದಿಸಿ, ಈ ಕೈಯ ಮೇಲೆ ತಂದು ಇಟ್ಟೆ.

ಬಳೆ ಕೈಯೊಳಗೆ ಮುಳುಗಿಹೋಯಿತು. ಎರಡೂ ಕಡೆ ಮಣಿಕಟ್ಟು ಹೊರಗೆ ಉಳಿಯಿತು.

ಬಸುರಿ ಕೈಕಾಲು ತುಂಬಿಕೊಳ್ಳುವುದು ಹೊಸದಲ್ಲ ಎಂದು ಬಳೆಯನ್ನು ಹಿಗ್ಗಿಸಿದೆ. ಆದರೂ ಕೂರಲಿಲ್ಲ. ಬಳೆಯ ನೆರಳು ಎಲ್ಲಿ ಬೀಳಬೇಕೆಂದು ಹುಡುಕಲು ಮಣಿಕಟ್ಟಿನ ಮೂಳೆಯ ಗಂಟನ್ನು ನೋಡುವುದು ನನ್ನ ರೂಢಿ. ಮದುವೆಯ ಫೋಟೋದಲ್ಲಿ ಆ ಗಂಟು ಎದ್ದು ಕಾಣುತ್ತಿತ್ತು, ಪಕ್ಕದಲ್ಲಿ ಚಿಕ್ಕ ನೆರಳೂ ಇತ್ತು. ಇಲ್ಲಿ ಗಂಟೇ ಇಲ್ಲ. ಮೊಳಕೈಯಿಂದ ಬೆರಳಿನವರೆಗೆ ಬೆಳಕು ಎಲ್ಲೂ ಮುರಿಯದೆ ಹರಡಿತ್ತು, ಎಣ್ಣೆ ಸವರಿದ ಹಾಗೆ ಚರ್ಮ ಬಿಗಿದು ಹೊಳೆಯುತ್ತಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಬೊಟ್ಟು ಇಡಲು ಹಣೆಗೆ ಹೋದರೆ ಅಲ್ಲೂ ಅದೇ. ರೆಪ್ಪೆಗಳು ದಪ್ಪಗಾಗಿ, ಹುಬ್ಬಿನ ಕೆಳಗಿನ ಗುಳಿಯೇ ಮಾಯವಾಗಿತ್ತು.

ಕೈಯನ್ನು ಇನ್ನೂ ದೊಡ್ಡದು ಮಾಡಿ ನೋಡಿದೆ. ಮಣಿಕಟ್ಟಿನ ಸುತ್ತ ಎರಡು ತೆಳು ಗೆರೆಗಳಿದ್ದವು. ಕೊಳೆಯಲ್ಲ, ಗೆರೆಯ ಒಂದು ಅಂಚಿಗೆ ಬೆಳಕು, ಇನ್ನೊಂದಕ್ಕೆ ನೆರಳು ಬಿದ್ದಿತ್ತು. ಅಂದರೆ ಅದು ಹಳ್ಳ. ತೆಗೆದ ಬಳೆಗಳು ಒತ್ತಿದ ಗುರುತು. ಮೇಷ್ಟ್ರಿಗೆ ಫೋನ್ ಮಾಡಿ ಈ ಫೋಟೋ ಯಾವಾಗ ತೆಗೆದದ್ದೆಂದು ಕೇಳಿದೆ. ಬಳೆ ತೆಗೆದದ್ದು ಬೆಳಿಗ್ಗೆ, ಫೋಟೋ ಎಲ್ಲರ ಊಟವಾದ ಮೇಲೆ ಎಂದರು. ಅಷ್ಟು ಹೊತ್ತಾದರೂ ಆ ಹಳ್ಳ ತುಂಬಿರಲಿಲ್ಲ.

ನಾನು ಬಸುರಿಯಾಗಿದ್ದಾಗ ನರ್ಸಮ್ಮ ಒಬ್ಬರು ಬೈದು ಬೈದು ಹೇಳಿದ್ದ ಮಾತು ನನಗೆ ಬಾಯಿಪಾಠ. "ಸಂಜೆ ಹೊತ್ತು ಪಾದ ಊದಿದ್ರೆ ಕಾಲು ಮೇಲಿಟ್ಕೊಂಡು ಮಲಗು. ಮುಖ, ಕೈ ಊದಿದ್ರೆ ಮಲಗ್ಬೇಡ, ಆಸ್ಪತ್ರೆಗೆ ಬಾ. ಬಿ.ಪಿ. ಏರಿದ್ರೆ ತಾಯೀನೂ ಉಳ್ಯಲ್ಲ, ಮಗೂನೂ ಉಳ್ಯಲ್ಲ."

ಮೇಷ್ಟ್ರಿಗೆ ಅದನ್ನೇ ಹೇಳಿದೆ. ಈವತ್ತೇ ತೋರಿಸಿ ಎಂದೆ. ಅವರು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ "ಹೂಂ ಮೇಡಂ, ಅಮ್ಮನ್ನ ಒಂದ್ಮಾತು ಕೇಳ್ತೀನಿ" ಎಂದರು. ಅಮ್ಮನೇ ಮಾತಾಡಿದರು. "ಬಸುರಿ ಅಂದ್ಮ್ಯಾಲೆ ಊತ ಬರ್ದೆ ಇರ್ತದಾ? ನಾನು ಮೂರು ಹೆತ್ತಿಲ್ವಾ? ತವರಿಗೆ ಹೋದ್ಮ್ಯಾಲೆ ಅವ್ರು ತೋರಿಸ್ಕತಾರೆ. ನಿಂಗೆ ಹೇಳಿದ್ದು ಬಳೆ ಹಾಕು ಅಂತ. ಸೀಮಂತದ ಮನೇಲಿ ಅಪಶಕುನ ನುಡೀಬ್ಯಾಡ." ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಮನೆಯಲ್ಲಿ ಅಂಗೈಯೇ ಊದಿ ಕೂತಿತ್ತು, ನೋಡುವವರಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಕಿರುಚಿದರೆ ಫೋನ್ ಇಡುತ್ತಾರೆ, ಫೋಟೋ ಬೇರೆ ಕಡೆ ಮಾಡಿಸಿಕೊಳ್ಳುತ್ತಾರೆ, ಆ ಹುಡುಗಿ ನೆಟ್ಟಗೆ ಚೇಳೂರಿಗೆ ಹೋಗಿಬಿಡುತ್ತಾಳೆ.

ಅದಕ್ಕೇ ಸುಳ್ಳು ಹೇಳಿದೆ. "ಅಮ್ಮಾ, ಮೆಹಂದಿ ಸರಿಯಾಗಿ ಕೂರ್ತಿಲ್ಲ. ಕೈಯ ಫೋಟೋ ಇನ್ನೊಂದ್ಸಲ ಹತ್ರದಿಂದ ತೆಗೀಬೇಕು. ನಾಳಿದ್ದು ತನಕ ಕಾಯೋದ್ಬೇಡ, ನಾಳೆ ಬೆಳಿಗ್ಗೆನೇ ಕರ್ಕೊಂಡ್ಬನ್ನಿ, ಇಲ್ಲಾಂದ್ರೆ ಬೀಗರ ಮುಂದೆ ನಿಮ್ಗೇ ನಗೆಪಾಟಲು." ಬೀಗರ ಹೆಸರು ಹೇಳಿದ್ದೇ ತಡ, ಒಪ್ಪಿದರು. ಜೀವ ಹೋಗುತ್ತದೆ ಎಂದರೆ ಅಲುಗದವರು, ಮಾನ ಹೋಗುತ್ತದೆ ಎಂದರೆ ಒಂದು ದಿನ ಮುಂಚೆಯೇ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಅವಳು ಗಂಡನ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದಳು, ಹಿಂದೆಯೇ ಅತ್ತೆ. ಫೋಟೋದಲ್ಲಿ ನೋಡಿದ್ದಕ್ಕಿಂತ ಮುಖ ಇನ್ನೂ ಊದಿತ್ತು. ಹೆಚ್ಚೆಂದರೆ ಇಪ್ಪತ್ತೆರಡು ವರ್ಷ. ಕೂರಿಸಿ ಅವಳ ಕೈ ತೆಗೆದುಕೊಂಡು, ಬೆಳಕು ನೋಡುವ ನೆಪದಲ್ಲಿ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಕಲಸಿದ ಹಿಟ್ಟಿನಲ್ಲಿ ಬೆರಳು ಇಟ್ಟ ಹಾಗೆ ಗುಳಿ ಬಿತ್ತು. ಹಾಗೇ ಇತ್ತು.

"ತಲೆ ನೋಯ್ತದಾ ಮಗಾ?"

"ನಿನ್ನೆಯಿಂದ ಸಿಡೀತಿದೆ ಅಕ್ಕಾ." ಅವಳು ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಕ್ಕಾ, ಫೋಟೋದವ್ರು ಹೊಡೀತಾರಲ್ಲ ಫ್ಲ್ಯಾಶು, ಅದು ಎಷ್ಟು ದಿನ ಕಣ್ಣಲ್ಲಿ ಉಳೀತದೆ? ಸೀಮಂತದ್ ದಿನದಿಂದ ಕಣ್ಮುಂದೆ ಮಿಂಚ್ತಾನೇ ಐತೆ."

ಆ ಫೋಟೋವನ್ನು ಕಿಟಕಿಯ ಬೆಳಕಿನಲ್ಲಿ ತೆಗೆದಿದ್ದರು. ಫ್ಲ್ಯಾಶ್ ಹೊಡೆದೇ ಇರಲಿಲ್ಲ. ಬೇರೆ ಫೋಟೋಗಳಿಗೆ ಹೊಡೆದಿದ್ದರೂ ಅದು ಚಣ ಹೊತ್ತು ಕಣ್ಣು ಕುಕ್ಕಿ ಹೋಗುವಂಥದ್ದು. ನಾನು ಎದ್ದು ನಿಂತೆ. "ಮೇಷ್ಟ್ರೇ, ಆಟೋ ಕರೀರಿ. ದೊಡ್ಡಾಸ್ಪತ್ರೆಗೆ. ಈಗ್ಲೇ." ಅತ್ತೆ ಬಾಗಿಲಿಗೆ ಅಡ್ಡ ಬಂದರು. "ಫೋಟೋ ಅಂತ ಕರ್ಸಿ ಇದೇನ್ ನಾಟ್ಕ?" ಮೇಷ್ಟ್ರು ತಾಯಿಯ ಮುಖ, ನನ್ನ ಮುಖ ನೋಡುತ್ತ ನಿಂತರು. "ಏನ್ರೀ, ಕೈಗೆ ಬಳೆ ತೊಟ್ಕೊಂಡು ನಿಂತಿದೀರಾ?" ಎಂದು ಕೂಗಿಬಿಟ್ಟೆ. ಅವರು ತಾಯಿಯನ್ನು ಪಕ್ಕಕ್ಕೆ ಸರಿಸಿ ಹೆಂಡತಿಯನ್ನು ಕೆಳಗಿಳಿಸಿದರು.

ಆಟೋದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಆ ಹಿಡಿತಕ್ಕೆ ಬಲವೇ ಇರಲಿಲ್ಲ. "ಒದೀತಾ ಐತಾ?" ಎಂದು ಕೇಳಿದೆ. "ನಿನ್ನೆ ಸಂಜೆಯಿಂದ ಮಲ್ಗಿದಾನೆ ಅನ್ಸುತ್ತೆ" ಎಂದಳು. ಅವಳಿಗೆ ಅದು ಗಂಡು ಎಂದು ಹೇಗೋ ಖಾತ್ರಿಯಾಗಿತ್ತು. ನಾನು ಮುಂದಕ್ಕೆ ಬಾಗಿ ಆಟೋದವನಿಗೆ ಇನ್ನೂ ಜೋರಾಗಿ ಓಡಿಸು ಎಂದೆ.

ಬಿ.ಪಿ. ನೋಡಿದ ಡಾಕ್ಟರು ನಮ್ಮ ಜೊತೆ ಮಾತನ್ನೇ ಆಡಲಿಲ್ಲ, ಸ್ಟ್ರೆಚರ್ ಎಂದು ಕೂಗಿದರು. ಒಳಗೆ ಹೋಗುವಷ್ಟರಲ್ಲಿ ಅವಳಿಗೆ ಫಿಟ್ಸ್ ಬಂತು. ಕಿವಿಯ ಓಲೆ, ಕಾಲುಂಗುರ ಬಿಚ್ಚಿ ಗಂಡನ ಕೈಗೆ ಕೊಟ್ಟರು, ಉಂಗುರವನ್ನು ಕತ್ತರಿಸಿ ತೆಗೆದರು. ಮಧ್ಯಾಹ್ನದ ಮೇಲೆ ಒಬ್ಬ ಡಾಕ್ಟರಮ್ಮ ಹೊರಗೆ ಬಂದು, ತಾಯಿ ಉಳಿದಿದ್ದಾಳೆ, ಮಗು ಹೊಟ್ಟೆಯಲ್ಲೇ ಹೋಗಿತ್ತು, ಇನ್ನು ಸ್ವಲ್ಪ ಹೊತ್ತಾಗಿದ್ದರೆ ಇವಳೂ ಇರುತ್ತಿರಲಿಲ್ಲ ಎಂದರು. ಮೇಷ್ಟ್ರು ಗೋಡೆಗೆ ಒರಗಿ ಕೂತುಬಿಟ್ಟರು. ಹಿಂದೆಯೇ ಬಂದಿದ್ದ ಅವರ ತಾಯಿ ನನ್ನ ಕಡೆ ತಿರುಗಿ ಮಣ್ಣು ತೂರುವ ಹಾಗೆ ಕೈ ಮಾಡಿದರು. "ನಿನ್ನ ಕಣ್ಣು! ನೀನು ಕಣ್ಣಿಟ್ಟು ನೋಡ್ದೆ, ನೀನು ನುಡಿದೆ, ಅದಕ್ಕೇ ಹಿಂಗಾಯ್ತು." ಮೊಮ್ಮಗನನ್ನು ಕಳೆದುಕೊಂಡವರ ಹತ್ತಿರ ಏನೆಂದು ಜಗಳವಾಡುವುದು? ಆದರೆ ಆ ಮಾತು ನನಗೆ ಚುಚ್ಚಿತು, ಈಗಲೂ ಚುಚ್ಚುತ್ತದೆ. ಎಷ್ಟೋ ದಿನ ಯಾರ ಕೈಯ ಫೋಟೋ ಬಂದರೂ ಬಳೆ ಹಾಕುವ ಮೊದಲು ಚರ್ಮ ನೋಡಲು ಹೆದರುತ್ತಿದ್ದೆ.

ಬಾಣಂತನ ಮುಗಿಯುವ ಹೊತ್ತಿಗೆ, ಬಾಣಂತನ ಎನ್ನುವುದಾದರೆ, ಅವಳು ಗಂಡನ ಜೊತೆ ಸ್ಟುಡಿಯೋಗೆ ಬಂದಳು. ಊತವೆಲ್ಲ ಇಳಿದು ಗುರುತೇ ಸಿಗದ ಹಾಗೆ ತೆಳ್ಳಗಾಗಿದ್ದಳು. ಮೇಷ್ಟ್ರು ಕೆಳಗೇ ನಿಂತರು.

"ಅಕ್ಕಾ, ಆ ಫೋಟೋ ಐತಾ?"

ಕಂಪ್ಯೂಟರಿನಲ್ಲಿ ತೆರೆದು ತೋರಿಸಿದೆ. ಅವರು ಬರುವ ಹಿಂದಿನ ರಾತ್ರಿ, ಅನುಮಾನ ಬಾರದಿರಲೆಂದು ಅರ್ಧ ಮುಗಿಸಿಟ್ಟಿದ್ದ ಕೆಲಸ. ಹಣೆಯಲ್ಲಿ ಬೊಟ್ಟು ಸರಿಯಾಗಿ ಕೂತಿತ್ತು, ಎಡಗೈ ತುಂಬ ಹಸಿರು ಬಳೆ, ಬೆರಳುಗಳ ಮೇಲೆ ಮೆಹಂದಿ ಬಳ್ಳಿ. ಉಳಿದದ್ದನ್ನೂ ಮುಗಿಸಿ ಕೊಡುತ್ತೇನೆ, ಸಣ್ಣ ಕೈಯನ್ನೇ ಮಾಡಿಕೊಡುತ್ತೇನೆ, ಊತ ಕಾಣುವುದಿಲ್ಲ ಎಂದೆ.

"ಬ್ಯಾಡಕ್ಕಾ. ಬಳೆ, ಮೆಹಂದಿ ಎಲ್ಲಾ ತೆಗ್ದುಬುಡಿ. ನನ್ ಮಗ ನನ್ ಜೊತೆ ಇರೋ ಫೋಟೋ ಇದೊಂದೇ. ಆ ಕೈಯಲ್ಲೇ ಅವನ್ನ ಹಿಡ್ಕೊಂಡಿದ್ದೆ."

ನಾನು ಬಳೆಗಳನ್ನು ಒಂದೊಂದಾಗಿ ಅಳಿಸಿದೆ. ಕೊನೆಯದು ಹೋದ ಮೇಲೆ ಅವಳು ಪರದೆಯ ಹತ್ತಿರ ಬಾಗಿ, ಆ ಊದಿದ ಬೆರಳುಗಳ ಕೆಳಗೆ, ಹೊಟ್ಟೆಯ ಮೇಲಿನ ಸೀರೆಯ ಮಡಿಕೆಯನ್ನು ಮುಟ್ಟಿದಳು.